ಅಂಕಿಗಳು ಕೆಡಿಸಿದ್ದೇನನ್ನು?

ಚೀನೀ ಯುವಜನರು ಪ್ರೀತಿಯನ್ನೂ ನಗುವನ್ನೂ ಅಂಕಿಗಳಲ್ಲಿ ಬರೆಯುವುದನ್ನು ಕಂಡು ‘ಭಾಷೆ ಕೆಟ್ಟಿತು’ ಎಂದು ಮರುಗುವವರಿದ್ದಾರೆ. ಅವರು ಆ ಅಂಕಿಗಳಿಗೆ ಕಿವಿಗೊಟ್ಟಿಲ್ಲವೆಂಬುದೇ ನನ್ನ ಆಕ್ಷೇಪ.

520 ಎಂಬುದನ್ನು ಚೀನೀ ಭಾಷೆಯಲ್ಲಿ ‘ವೂ ಅರ್ ಲಿಂಗ್’ ಎಂದು ಓದುತ್ತಾರೆ. ‘ನಿನ್ನನ್ನು ಪ್ರೀತಿಸುತ್ತೇನೆ’ ಎನ್ನಲು ‘ವೊ ಆಯ್ ನಿ’ ಎನ್ನುತ್ತಾರೆ. ಕನ್ನಡ ಲಿಪಿಯಲ್ಲಿ ನೋಡಿದರೆ ಹೋಲಿಕೆ ದೂರದ್ದು. ಆದರೆ ಅಲ್ಲಿ ದನಿಯ ಏರಿಳಿತವೂ ಪದದ ಅಂಗವೇ. ಈ ಎರಡು ನುಡಿಗಳ ಮೊದಲೆರಡು ಉಚ್ಚಾರಗಳಲ್ಲಿ ಆ ಏರಿಳಿತ ಒಂದೇ. ಅದನ್ನು ಗುರುತಿಸಿದ್ದು ಭಾಷೆಯಲ್ಲಿ ಪಳಗಿದ ಕಿವಿಯೇ ಹೊರತು ಸೋಮಾರಿ ಬೆರಳಲ್ಲ.

ಎಲ್ಲ ಅಂಕಿಗಳೂ ಹೀಗೆ ದನಿಯಿಂದ ಹುಟ್ಟಿದವೆಂದು ಹೊಗಳುವವರೂ ತಪ್ಪುತ್ತಾರೆ. ನಗುವನ್ನು ಸೂಚಿಸುವ 233 ಅನ್ನು ಗಟ್ಟಿಯಾಗಿ ಓದಿ ನೋಡಿ: ‘ಅರ್ ಸಾನ್ ಸಾನ್’. ಇದರಲ್ಲಿ ನಗುವೆಲ್ಲಿದೆ? ಮಾಪ್ ಎಂಬ ಚೀನೀ ಜಾಲತಾಣದ ಭಾವಚಿತ್ರಗಳಲ್ಲಿ, ನೆಲ ಬಡಿದು ನಗುವ ಆಕೃತಿಯ ಕ್ರಮಸಂಖ್ಯೆ ಅದು. ಚಿತ್ರ ಮರೆಯಾದರೂ ಸಂಖ್ಯೆ ಉಳಿಯಿತು. ನಗು ಹೆಚ್ಚಿದಂತೆ ಕೊನೆಯ 3ಗಳೂ ಹೆಚ್ಚುತ್ತವೆ.

555 ಚೀನೀಯರಿಗೆ ‘ವೂ ವೂ ವೂ’ ಎಂಬ ಅಳು. ಥಾಯ್ ಜನರಿಗೆ ‘ಹಾ ಹಾ ಹಾ’ ಎಂಬ ನಗು. ಅಂಕಿ ಒಂದೇ, ಅಳುವುದೂ ನಗುವುದೂ ಭಾಷೆಯೇ. ಹಾಗಿರುವಾಗ ಭಾಷೆ ಸತ್ತಿತೆಂದು ಅಳುವುದೇಕೆ?