ಗ್ರಾಹಕರ ಮಾತುಗಳ ಜೋಡಣೆ: ಹೊಗಳಿಕೆಗಿಂತ ಸಂದೇಹ ನಿವಾರಣೆ ಮುಖ್ಯ

ಗ್ರಾಹಕರು ಆಡಿದ ನಾಲ್ಕು ಒಳ್ಳೆಯ ಮಾತುಗಳನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಒಂದಾಗಿ ಜೋಡಿಸಿ ಪ್ರಚಾರಕ್ಕೆ ಬಳಸುವ ಪದ್ಧತಿ ಈಗ ಚಿಕ್ಕ ಅಂಗಡಿಗಳವರೆಗೂ ಬಂದಿದೆ. ಆದರೆ ಹೆಚ್ಚಿನ ವರ್ತಕರು ಅತಿ ಹೆಚ್ಚು ಹೊಗಳಿದ ತುಣುಕುಗಳನ್ನೇ ಆರಿಸಿ, ಬಂದ ಕ್ರಮದಲ್ಲಿಯೇ ಅಂಟಿಸಿಬಿಡುತ್ತಾರೆ. ಆಯ್ಕೆಯ ಅಳತೆಗೋಲು ಹೊಗಳಿಕೆಯಲ್ಲ. ಹೊಸ ಗ್ರಾಹಕನ ಯಾವ ಸಂದೇಹಕ್ಕೆ ಆ ತುಣುಕು ಉತ್ತರ ಕೊಡುತ್ತದೆ ಎಂಬುದು.

ಮರದ ಗಾಣದ ಕಡಲೆಕಾಯಿ ಎಣ್ಣೆ ಮಾರುವ ಚಿಕ್ಕ ಅಂಗಡಿಯೊಂದನ್ನು ಉದಾಹರಣೆಯಾಗಿ ಕಲ್ಪಿಸಿಕೊಳ್ಳಬಹುದು. ಮಾಲೀಕರ ಬಳಿ 14 ತುಣುಕುಗಳಿವೆ. ಮೊದಲು ಒಂದು ಹಾಳೆಯಲ್ಲಿ ಪ್ರತಿ ತುಣುಕಿನ ಮುಂದೆ ಅದು ತೀರಿಸುವ ಸಂದೇಹವನ್ನು ಬರೆಯಬೇಕು. "ತುಂಬಾ ಚೆನ್ನಾಗಿದೆ" ಎಂದಷ್ಟೇ ಹೇಳಿದ 4 ತುಣುಕುಗಳ ಮುಂದೆ ಬರೆಯಲು ಏನೂ ಇರುವುದಿಲ್ಲ, ಅವು ಹೊರಗೆ. ಗಾಣದ ಸದ್ದಿನಲ್ಲಿ ಮಾತು ಮುಳುಗಿದ 2 ತುಣುಕುಗಳೂ ಹೊರಗೆ. ಮಂಕಾದ ಚಿತ್ರವನ್ನು ನೋಡುಗ ಸಹಿಸಿಯಾನು, ಕೇಳಿಸದ ಮಾತನ್ನು ಸಹಿಸಲಾರ. ಕಣ್ಣು ಮುಚ್ಚಿ ಒಮ್ಮೆ ಕೇಳಿದರೆ ಈ ದೋಷ ತಿಳಿಯುತ್ತದೆ.

ಇನ್ನು ಎರಡು ತುಣುಕುಗಳಲ್ಲಿ ಅಪಾಯವಿದೆ. ಒಂದರಲ್ಲಿ ಮಾತನಾಡಿದವರು ಮಾಲೀಕರ ಬಾವಮೈದುನ. ಮತ್ತೊಂದರಲ್ಲಿ ಹಿರಿಯರೊಬ್ಬರು, ಈ ಎಣ್ಣೆಯಿಂದ ತಮ್ಮ ಸಕ್ಕರೆ ಕಾಯಿಲೆ ಹತೋಟಿಗೆ ಬಂದಿತೆಂದು ಮನಮುಟ್ಟುವಂತೆ ಹೇಳಿದ್ದಾರೆ. ಮಾಲೀಕರಿಗೆ ಇದನ್ನೇ ಮೊದಲಿಡುವ ಆಸೆ. ಆದರೆ ಮಧುಮೇಹ ಗುಣವಾಗುತ್ತದೆಂಬ ಜಾಹೀರಾತಿಗೆ 1954ರ ಕಾನೂನೇ ಅಡ್ಡಿಯಾಗಬಹುದು. ಮಾತು ಗ್ರಾಹಕರದಾದರೂ ಅದನ್ನು ಪ್ರಚಾರಕ್ಕೆ ಬಳಸಿದ ಹೊಣೆಯಿಂದ ವರ್ತಕ ನುಣುಚಿಕೊಳ್ಳಲಾಗದು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶ ನೀಡಿದೆ. ಮಾತನಾಡುವವರಿಗೂ ವ್ಯಾಪಾರಿಗೂ ಇರುವ, ನೋಡುಗರು ನಿರೀಕ್ಷಿಸದ ಸಂಬಂಧವನ್ನು ಬಹಿರಂಗಪಡಿಸಬೇಕೆಂದು 2022ರ ಮಾರ್ಗಸೂಚಿ ಹೇಳುತ್ತದೆ. ಇವೆರಡನ್ನೂ ಬಿಡುವುದೇ ಕ್ಷೇಮ.

ಉಳಿದದ್ದು 6. ಅವುಗಳಲ್ಲಿ ಎರಡು ಬೆಲೆಯನ್ನೇ ಕುರಿತವು; ಸ್ಪಷ್ಟವಾದುದೊಂದನ್ನು ಉಳಿಸಿದರೆ 5 ಆಯಿತು. ತಲಾ 15 ಸೆಕೆಂಡಿನಂತೆ 75 ಸೆಕೆಂಡು ಸಾಕು.

ಕ್ರಮವು ಗ್ರಾಹಕನ ಮನಸ್ಸಿನಲ್ಲಿ ಸಂದೇಹ ಏಳುವ ಕ್ರಮವೇ ಆಗಿರಬೇಕು. "ಮೊದಲು ಬೆಲೆ ಜಾಸ್ತಿ ಅನ್ನಿಸಿತ್ತು" ಎಂದು ಆರಂಭಿಸುವ ಗೃಹಿಣಿಯ ಮಾತು ಮೊದಲು ಬರಲಿ. ನೋಡುಗನ ಮನಸ್ಸಿನಲ್ಲಿರುವುದೂ ಅದೇ. ಅನಂತರ ಎಣ್ಣೆಯ ವಾಸನೆಯ ವಿಷಯ, ಆಮೇಲೆ ಡಬ್ಬದ ತಳದಲ್ಲಿ ನಿಲ್ಲುವ ಗಸಿಯ ವಿಷಯ. ನಾಲ್ಕನೆಯದು ತಿಂಗಳಿಗೆ ಇಷ್ಟು ಲೀಟರು ಒಯ್ಯುತ್ತೇನೆಂದು ಲೆಕ್ಕ ಹೇಳುವ ಖಾನಾವಳಿಯವರದು. ಕೊನೆಗೆ ವರ್ಷಗಳಿಂದ ತಮ್ಮದೇ ಡಬ್ಬ ಹಿಡಿದು ಬರುವ ಹಳೆಯ ಗ್ರಾಹಕರು. ಎರಡನೆಯ ಅತ್ಯುತ್ತಮ ತುಣುಕನ್ನು ಕೊನೆಗೆ ಕಾದಿರಿಸುವುದು ಜಾಣತನ; ಅತ್ಯುತ್ತಮವಾದುದು ಮೊದಲಿಗೇ ಬರಬೇಕು, ಏಕೆಂದರೆ ಬಹಳ ಮಂದಿ ಕೊನೆಯವರೆಗೆ ನೋಡುವುದಿಲ್ಲ.

ಬೇರೆ ಬೇರೆ ಕಡೆ ತೆಗೆದ ತುಣುಕುಗಳು ಒಂದೇ ಅಂಗಡಿಯವೆಂದು ತೋರುವುದು ಹೇಗೆ? ಎಲ್ಲವೂ ಉದ್ದುದ್ದವಾಗಿರಲಿ, ಇಲ್ಲವೇ ಎಲ್ಲವೂ ಅಡ್ಡಲಾಗಿರಲಿ. ಬೆರಕೆಯಾದರೆ ಬದಿಗಳಲ್ಲಿ ಕಪ್ಪು ಪಟ್ಟಿ ಕಾಣುತ್ತದೆ. ಹೆಸರಿನ ಪಟ್ಟಿ ಅಂಗಡಿಯ ಫಲಕದ ಬಣ್ಣದಲ್ಲಿ, ಒಂದೇ ಅಕ್ಷರಶೈಲಿಯಲ್ಲಿ, ಒಂದೇ ಜಾಗದಲ್ಲಿ ಬರಲಿ. ಹೆಸರು ಅಲ್ಲಿಯೇ ಇರುವುದರಿಂದ ಆರಂಭದ ನಮಸ್ಕಾರ, ಪರಿಚಯಗಳನ್ನು ಕತ್ತರಿಸಬಹುದು. ಟ್ಯೂಬ್‌ಲೈಟಿನ ನೀಲಿ ಛಾಯೆ, ಸಂಜೆಯ ದೀಪದ ಹಳದಿ ಛಾಯೆಗಳನ್ನು ಮುಖದ ಬಣ್ಣ ನೋಡಿ ಸರಿಪಡಿಸಬೇಕು. ಧ್ವನಿಯನ್ನೂ ಒಂದೇ ಮಟ್ಟಕ್ಕೆ ತರಬೇಕು. ಮುಂದಿನ ಬಾರಿ ಎಲ್ಲರನ್ನೂ ಅಂಗಡಿಯ ಬಾಗಿಲ ಬಳಿ, ಹಗಲು ಬೆಳಕಿನಲ್ಲಿ ನಿಲ್ಲಿಸಿದರೆ ಈ ಶ್ರಮ ಬಹುಮಟ್ಟಿಗೆ ತಪ್ಪುತ್ತದೆ.

ಕತ್ತರಿ ಪ್ರಯೋಗಕ್ಕೂ ಮಿತಿಯಿದೆ. "ಬೆಲೆ ಜಾಸ್ತಿಯೇ, ಆದರೆ ರುಚಿ ಚೆನ್ನಾಗಿದೆ" ಎಂಬ ಮಾತಿನ ಮೊದಲರ್ಧವನ್ನು ತೆಗೆದುಹಾಕುವುದು ಲೆಕ್ಕಪುಸ್ತಕದಲ್ಲಿ ಖರ್ಚಿನ ಸಾಲನ್ನು ಅಳಿಸಿದಂತೆ. ಆ ಅರ್ಧವೇ ಉಳಿದರ್ಧಕ್ಕೆ ನಂಬಿಕೆ ತರುತ್ತದೆ. ಪ್ರತಿ ತುಣುಕಿನ ಮೂಲ ಪ್ರತಿ, ಗ್ರಾಹಕರ ಸಹಿಯುಳ್ಳ ಒಪ್ಪಿಗೆ ಮತ್ತು ಅವರ ಖರೀದಿಯ ಒಂದು ಬಿಲ್ಲು, ಈ ಮೂರನ್ನು ಒಂದೇ ಕಡತದಲ್ಲಿಟ್ಟಿರಬೇಕು. ವೋಚರಿಲ್ಲದ ಖರ್ಚು ಹೇಗೆ ನಿಲ್ಲದೋ, ಆಧಾರವಿಲ್ಲದ ಹೊಗಳಿಕೆಯೂ ಪ್ರಶ್ನೆ ಬಂದ ದಿನ ನಿಲ್ಲದು.