ಬಾಯಿ ತೆರೆಸಿ ನೋಡಿ, ಕತ್ತು ಮುಟ್ಟಿ ನೋಡಿ

ವೈದ್ಯಬಂಧುಗಳೇ, ಸಂಜೆಯ ಹೊತ್ತು ನಿಮ್ಮ ಕ್ಲಿನಿಕ್ಕಿನ ಸರತಿ ಬಾಗಿಲಾಚೆಗೂ ಬೆಳೆದಿರುತ್ತದೆ, ಮಧ್ಯಾಹ್ನದ ಊಟವೂ ಸರಿಯಾಗಿ ಆಗಿರುವುದಿಲ್ಲ, ಅಂಥ ಹೊತ್ತಿನಲ್ಲಿ ‘ಗಂಟಲು ನೋವು’ ಎಂಬ ಮಾತು ಕಿವಿಗೆ ಬಿದ್ದೊಡನೆ ಪೆನ್ನು ತಾನಾಗಿಯೇ ಅಜಿತ್ರೊಮೈಸಿನ್ ಎಂದು ಬರೆದುಬಿಡುತ್ತದೆ. ನಿಮ್ಮ ದಣಿವು ನನಗೆ ಅರ್ಥವಾಗುತ್ತದೆ. ಆದರೂ ಕೈಮುಗಿದು ಕೇಳುತ್ತೇನೆ: ಬರೆಯುವ ಮುನ್ನ ಬಾಯಿ ತೆರೆಸಿ ನೋಡಿ, ಕತ್ತು ಮುಟ್ಟಿ ನೋಡಿ.

ನೋಡಬೇಕಾದದ್ದು ನಾಲ್ಕೇ ಸಂಗತಿ. ಅಮೆರಿಕದ ವರ್ಜೀನಿಯಾದಲ್ಲಿ ರಾಬರ್ಟ್ ಸೆಂಟರ್ ಮತ್ತು ಸಂಗಡಿಗರು ಗಂಟಲು ನೋವಿನಿಂದ ಬಂದ ವಯಸ್ಕರನ್ನು ಪರೀಕ್ಷಿಸಿ 1981ರಲ್ಲಿ ಇವನ್ನು ಗುರುತಿಸಿಕೊಟ್ಟರು. ಜ್ವರ ಇದೆಯೇ, ಟಾನ್ಸಿಲ್ ಮೇಲೆ ಬಿಳಿ ಕೀವಿನ ಲೇಪ ಇದೆಯೇ, ದವಡೆಯ ಕೆಳಗೆ ಕತ್ತಿನ ಮುಂಭಾಗದ ಗ್ರಂಥಿ ಊದಿ ಮುಟ್ಟಿದರೆ ನೋಯುತ್ತದೆಯೇ, ಕೆಮ್ಮು ಇಲ್ಲವೇ? ಪ್ರತಿ ‘ಹೌದು’ಗೆ ಒಂದು ಅಂಕ. ಕೆಮ್ಮು ಇಲ್ಲದಿರುವುದಕ್ಕೂ ಅಂಕ ಏಕೆಂದರೆ ಕೆಮ್ಮು, ನೆಗಡಿ, ಬಿದ್ದುಹೋದ ದನಿ ಸಾಮಾನ್ಯವಾಗಿ ವೈರಸ್ಸಿನ ಗುರುತು. ಸ್ಟ್ರೆಪ್ಟೋಕಾಕಸ್ ಗಂಟಲನ್ನೇ ಹಿಡಿದು ಕೂರುತ್ತದೆ. 1998ರಲ್ಲಿ ಟೊರಾಂಟೊದ ವಾರೆನ್ ಮ್ಯಾಕ್ಐಸಾಕ್ ಇದಕ್ಕೆ ವಯಸ್ಸನ್ನೂ ಸೇರಿಸಿದರು: 3ರಿಂದ 14 ವರ್ಷದವರಿಗೆ ಒಂದು ಅಂಕ ಹೆಚ್ಚು, 45 ಮತ್ತು ಅದಕ್ಕೂ ಮೇಲಿನವರಿಗೆ ಒಂದು ಕಡಿಮೆ.

ನಿಮಗೆ ಇದೆಲ್ಲ ಗೊತ್ತಿದೆ. ಗೊತ್ತಿದ್ದೂ ಕಣ್ಣು ಹಾಯಿಸದೆ ಕಳಿಸಿದರೆ ಏನಾಗುತ್ತದೆಂದು ಒಮ್ಮೆ ನೆನೆಯಿರಿ. ಒಂದೇ ಸಂಜೆ ಇಬ್ಬರು ಬಂದರೆನ್ನಿ. 35 ವರ್ಷದ ಆಟೋ ಚಾಲಕನಿಗೆ ಮೈ ಬೆಚ್ಚಗಿದೆ, ಮೂಗು ಸೋರುತ್ತಿದೆ, ಕೆಮ್ಮಿದೆ, ಟಾನ್ಸಿಲ್ ಬರೀ ಕೆಂಪಾಗಿದೆ, ಗ್ರಂಥಿ ನೋಯುವುದಿಲ್ಲ. ಅವನದು ಒಂದೇ ಅಂಕ. ಅವನಿಗೆ ಪರೀಕ್ಷೆಯೂ ಬೇಡ, ಆಂಟಿಬಯೋಟಿಕ್ಕೂ ಬೇಡ. ಉಪ್ಪುನೀರಿನ ಮುಕ್ಕಳಿಕೆ, ಪ್ಯಾರಸಿಟಮಾಲ್, ಎರಡು ಸಮಾಧಾನದ ಮಾತು ಸಾಕು. ಅವನ ಹಿಂದೆಯೇ ಒಂಬತ್ತು ವರ್ಷದ ಹುಡುಗಿ: 102 ಡಿಗ್ರಿ ಜ್ವರ, ಟಾನ್ಸಿಲ್ ಮೇಲೆ ಬಿಳಿ ಲೇಪ, ಮುಟ್ಟಿದರೆ ನೋಯುವ ಗ್ರಂಥಿ, ಕೆಮ್ಮಿಲ್ಲ. ನಾಲ್ಕಕ್ಕೆ ವಯಸ್ಸಿನದೊಂದು ಸೇರಿ ಐದು. ಇಬ್ಬರ ಕೈಗೂ ಮೂರು ದಿನದ ಅದೇ ಮಾತ್ರೆ ಹೋದರೆ, ಅವನಿಗೆ ಬೇಡದ್ದು ಸಿಕ್ಕಿತು, ಅವಳಿಗೆ ಬೇಕಾದದ್ದು ಸಿಗಲಿಲ್ಲ.

ಅವಳಿಗೆ ಬೇಕಿದ್ದದ್ದು ಗಂಟಲ ದ್ರವದ ಪರೀಕ್ಷೆ, ಸ್ಟ್ರೆಪ್ ಕಂಡರೆ ಹತ್ತು ದಿನ ತುಂಬ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್. ಅಜಿತ್ರೊಮೈಸಿನ್ನಿಗೆ ಬಗ್ಗದ ಸ್ಟ್ರೆಪ್ ಈಗಾಗಲೇ ಇದೆ. ಪೆನಿಸಿಲಿನ್ನಿಗೆ ಅದು ಇಂದಿಗೂ ಬಗ್ಗುತ್ತದೆ. ಗಂಟಲು ನೋವಂತೂ ತಾನಾಗಿಯೇ ಇಳಿಯುತ್ತದೆ, ಅಮ್ಮನಿಗೆ ಮಗು ಗುಣವಾಯಿತೆಂಬ ನೆಮ್ಮದಿ. ಎರಡು ಮೂರು ವಾರ ಕಳೆದ ಮೇಲೆ ಅಂಥ ಕೆಲವು ಮಕ್ಕಳಲ್ಲಿ ಕೀಲುಗಳು ಒಂದಾದ ಮೇಲೊಂದು ಊದುತ್ತವೆ, ಹೃದಯದ ಕವಾಟ ಕೆಡುತ್ತದೆ, ಮೂರು ವಾರಕ್ಕೊಮ್ಮೆಯ ನೋವಿನ ಚುಚ್ಚುಮದ್ದು ವರ್ಷಗಟ್ಟಲೆ ಬೆನ್ನುಹತ್ತುತ್ತದೆ. ಆ ಮಗುವಿಗೆ ‘ನನ್ನ ಕತ್ತು ಮುಟ್ಟಿ ನೋಡಿ’ ಎಂದು ಕೇಳಲು ಬರುವುದಿಲ್ಲ. ಅದರ ಪರವಾಗಿ ನಾನು ಕೇಳುತ್ತಿದ್ದೇನೆ: ಬಾಯಿ ತೆರೆಸಿ ನೋಡಿ, ಕತ್ತು ಮುಟ್ಟಿ ನೋಡಿ.

ಅಂಕವೇ ತೀರ್ಪಲ್ಲ ಎಂಬುದೂ ನಿಮಗೆ ಗೊತ್ತು. ಸೆಂಟರ್ ಅವರ ಅಧ್ಯಯನದಲ್ಲಿ ನಾಲ್ಕೂ ಲಕ್ಷಣ ಇದ್ದವರಲ್ಲಿ ಸ್ಟ್ರೆಪ್ ಸಿಕ್ಕಿದ್ದು ಸುಮಾರು 56% ಮಂದಿಗೆ. ಒಂದೂ ಇಲ್ಲದವರಲ್ಲಿ 2.5%. ಅಂದರೆ ಕಡಿಮೆ ಅಂಕ ಧೈರ್ಯ ಹೇಳುತ್ತದೆ, ಹೆಚ್ಚಿನ ಅಂಕ ಪರೀಕ್ಷೆ ಮಾಡಿಸು ಎನ್ನುತ್ತದೆ. ಊದಿದ ಗ್ರಂಥಿ ಕತ್ತಿನ ಹಿಂಭಾಗದಲ್ಲಿದ್ದು ಸುಸ್ತು ವಾರಗಟ್ಟಲೆ ಎಳೆದರೆ ಅದು ಗ್ರಂಥಿ ಜ್ವರ ಇರಬಹುದು, ಅಮಾಕ್ಸಿಸಿಲಿನ್ ಕೊಟ್ಟರೆ ಮೈತುಂಬ ದದ್ದೇಳಬಹುದು. ಜೊಲ್ಲು ಸುರಿಯುತ್ತಿದ್ದರೆ, ಬಾಯಿ ತೆರೆಯಲಾಗದಿದ್ದರೆ, ಉಸಿರು ಕರ್ಕಶವಾಗಿದ್ದರೆ ಅಂಕ ಎಣಿಸುತ್ತ ಕೂರದೆ, ಗಂಟಲನ್ನು ಕೆಣಕದೆ ದೊಡ್ಡಾಸ್ಪತ್ರೆಗೆ ಕಳಿಸಬೇಕು.

ಪರೀಕ್ಷೆಗೆ ಸಮಯವಿಲ್ಲ ಎನ್ನಬೇಡಿ. ನೋವು ಶುರುವಾದ ಒಂಬತ್ತು ದಿನದೊಳಗೆ ಪೆನಿಸಿಲಿನ್ ಆರಂಭಿಸಿದರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದು, ಕಲ್ಚರ್ ವರದಿಗೆ ಒಂದೆರಡು ದಿನ ಕಾಯಲು ಅಷ್ಟು ಸಾಕು. ಪರೀಕ್ಷೆಯೇ ಸಿಗದ ಊರಿನಲ್ಲಿದ್ದು ಎದುರಿಗಿರುವುದು ಹೆಚ್ಚಿನ ಅಂಕದ ಮಗುವಾದರೆ, ಪೂರ್ತಿ ಹತ್ತು ದಿನ ಬರೆಯಿರಿ, ನಡುವೆ ನಿಲ್ಲಿಸಬಾರದೆಂದು ಅಮ್ಮನಿಗೆ ಬಿಡಿಸಿ ಹೇಳಿ.

ನಾಳೆ ಸಂಜೆಯಿಂದಲೇ ಪ್ರತಿ ಗಂಟಲು ನೋವಿನ ಚೀಟಿಯ ಮೂಲೆಯಲ್ಲಿ ಆ ಅಂಕವನ್ನು ಬರೆಯಿರಿ. ಅದನ್ನು ಬರೆಯಬೇಕೆಂದರೆ ಟಾರ್ಚ್ ಹಿಡಿಯಲೇಬೇಕು, ಬೆರಳು ಕತ್ತಿಗೆ ತಾಕಲೇಬೇಕು. ನೀವು ಓದಿದ ವಿದ್ಯೆಯ ಮೇಲೆ ಆ ಮಗುವಿಗೆ ಅಷ್ಟು ಹಕ್ಕಿದೆ.