ಮಾತು ಕೊಟ್ಟ ಹಣ, ಕೈಗೆ ಬಂದ ಹಣ

ಚಾಮರಾಜಪೇಟೆಯ ಸೋದರಿಯೊಬ್ಬರು ಕೇಳಿದ್ದಾರೆ: "ನಮ್ಮ ಮಹಿಳಾ ಸಮಾಜದಿಂದ ರಾಮನವಮಿಗೆ ಒಂದು ಸಂಜೆ ಸಂಗೀತ ಇಡಿಸಬೇಕೂಂತ ಇದೆ. ಒಂದು ಲಕ್ಷ ಆಗುತ್ತೆ. ಪ್ರಾಯೋಜಕರು ಕೊಡ್ತೀವಿ ಅಂದಿದ್ದಾರೆ. ಧೈರ್ಯ ಮಾಡಬಹುದೇ?"

1939ರಲ್ಲಿ ಶುರುವಾದ ಶ್ರೀ ರಾಮಸೇವಾ ಮಂಡಳಿಯ ಸಂಗೀತೋತ್ಸವ ನೋಡಿದ ಪೇಟೆಯವರಿಗೆ ಆಸೆ ಹುಟ್ಟುವುದು ಸಹಜವೇ. ಆದರೆ ಲೆಕ್ಕ ಮೊದಲು, ಆಹ್ವಾನ ಪತ್ರಿಕೆ ಆಮೇಲೆ.

ನೀವು ಬರೆದ ಖರ್ಚು: ಸಭಾಂಗಣಕ್ಕೆ 25,000, ಕಲಾವಿದರಿಗೆ 40,000, ಮೈಕು-ದೀಪಕ್ಕೆ 15,000, ಪಾನಕ-ಕೋಸಂಬರಿಗೆ 12,000, ಅಚ್ಚು ಮತ್ತು ಹೂವಿಗೆ 8,000. ಇದರ ಮೇಲೆ 10,000 ಆಪದ್ಧನ ಇಡಿ. ರಾಮನವಮಿ ಹೊತ್ತಿಗೆ ಬೆಂಗಳೂರಿನಲ್ಲಿ ಸಂಜೆ ಮಳೆ ಹೊಸದಲ್ಲ. ಅಂಗಳದಲ್ಲಿ ಪಾನಕ ಹಂಚುವವರು ಶಾಮಿಯಾನಕ್ಕೆ ಓಡಬೇಕಾಗುತ್ತೆ. ಕರೆಂಟು ಹೋದರೆ ಜನರೇಟರು. ಈ ಹಣವನ್ನು ಹೂವಿಗೆ ಮುಟ್ಟಬೇಡಿ. ಅಲ್ಲಿಗೆ ಬೇಕಾದದ್ದು 1,10,000.

ಟಿಕೆಟ್ಟಿನ ಲೆಕ್ಕದಲ್ಲೇ ಎಲ್ಲರೂ ಎಡವುವುದು. ಮುನ್ನೂರು ಕುರ್ಚಿ ಇದೆ, ತಲಾ 200ರಂತೆ 60,000 ಅಂತ ನೀವು ಬರೆದುಬಿಟ್ಟಿದ್ದೀರಿ. ಕಲಾವಿದರ ಮನೆಯವರು, ಪ್ರಾಯೋಜಕರು, ಸಮಾಜದ ಹಿರಿಯರು ಎಂದು ಅರವತ್ತು ಪುಕ್ಕಟೆ ಹೋಗುತ್ತೆ. ಉಳಿದ 240ರಲ್ಲಿ ಮೂರರಲ್ಲಿ ಎರಡು ಪಾಲು, ಅಂದರೆ 160 ಮಾರುತ್ತೆ ಅಂದುಕೊಳ್ಳಿ. ಕೈಗೆ 32,000. ಪ್ರಾಯೋಜಕರಿಂದ ಇನ್ನು 78,000 ಬರಬೇಕು.

ಪ್ರಾಯೋಜಕರ ಹಣವನ್ನು ಮೂರು ಸಾಲಾಗಿ ಬರೆಯಿರಿ. ಚೆಕ್ಕು ಬಂದದ್ದು 30,000. ಪತ್ರದಲ್ಲಿ ಒಪ್ಪಿದ್ದು 30,000. "ಬನ್ನಿ ಅಮ್ಮಾ, ನೋಡೋಣ" ಅಂದದ್ದು 25,000, ಇದು ಸೊನ್ನೆ. ಹಾಗಾಗಿ ನಿಮಗೆ 18,000 ಕಡಿಮೆ. ಪಾನಕ ನೀವೇ ಮಾಡಿದರೆ 7,000, ಅಚ್ಚು-ಹೂವು ಕಡಿಮೆ ಮಾಡಿದರೆ 5,000, ವೇದಿಕೆಯ ಬಣ್ಣದ ದೀಪ ಬಿಟ್ಟರೆ 6,000. ಸರಿಹೋಯಿತು! ಆದ್ದರಿಂದಲೇ ಇವಕ್ಕೆ ಮುಂಗಡ ಕೊಡುವುದು ಕೊನೆಗೆ. ಹದಿನೈದು ದಿನ ಮುಂಚೆ ಆ 25,000 ಬಂದರೆ ದೀಪ ಹಚ್ಚಿ, ಬರದಿದ್ದರೆ ಬಿಡಿ. ಸಭಾಂಗಣ, ಕಲಾವಿದರಿಗೆ ಮಾತ್ರ ಮುಂಗಡ ತಪ್ಪಿಸಲಾಗದು.

ಇನ್ನೊಂದು ತೊಡಕು. ಪತ್ರ ಬರೆದ ಕಂಪೆನಿಯವರು ಅನೇಕರು ಹಣ ಕೊಡುವುದು ಸಮಾರಂಭ ಮುಗಿದ ಮೇಲೆ, ಬ್ಯಾನರಿನ ಫೋಟೋ ಮತ್ತು ಬಿಲ್ಲು ನೋಡಿ. ಗಾಯಕಿಗೋ ಅಂದೇ ರಾತ್ರಿ ಕೊಡಬೇಕು. ನಾನೊಮ್ಮೆ ಹೀಗೆ ಸಿಕ್ಕಿಕೊಂಡು, ಪಕ್ಕದ ಮನೆಯವರ ಹತ್ತಿರ ಕೈಸಾಲ ಕೇಳಿದ್ದೇನೆ! ಅರ್ಧ ಮುಂಚಿತವಾಗಿ ಎಂದು ಪತ್ರದಲ್ಲೇ ಬರೆಸಿಕೊಳ್ಳಿ. ಸಭಾಂಗಣದ ಠೇವಣಿ ಖರ್ಚಲ್ಲದಿದ್ದರೂ ಆ ದಿನ ಕೈಯಿಂದ ಹೋಗುವ ಹಣವೇ. ಅದನ್ನು ಯಾರು ಹಾಕುತ್ತಾರೆಂದು ಈಗಲೇ ಖಜಾಂಚಿಯವರನ್ನು ಕೇಳಿ.